ಒಡೆದ ಬಾಟಲ್, ಕೋಪದ ಮೆಸೇಜ್: ಹಣ ವಾಪಸ್ ಕೇಳಿದ ಗ್ರಾಹಕರಿಗೆ ಏನಂತ ಉತ್ತರಿಸಬೇಕು?

ಶಿರಸಿಯ ಮನೆಯೊಂದರಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮೈಸೂರಿಗೆ ಹೋಗಿದೆ ಎಂದುಕೊಳ್ಳಿ. ಅರ್ಧ ಕೆಜಿಯ ಎರಡು ಗಾಜಿನ ಬಾಟಲ್. ಒಂದಕ್ಕೆ 380 ರೂಪಾಯಿ, ಕೊರಿಯರ್ ಖರ್ಚು 120, ಒಟ್ಟು 880. ಆರ್ಡರ್ ಬಂದದ್ದು ವಾಟ್ಸಾಪ್‌ನಲ್ಲಿ, ಹಣ ಬಂದದ್ದು ಯುಪಿಐನಲ್ಲಿ. ನಾಲ್ಕನೇ ದಿನ ಬೆಳಗ್ಗೆ 11ಕ್ಕೆ ಒಂದು ಫೋಟೊ ಬರುತ್ತದೆ, ಅದರ ಬೆನ್ನಿಗೇ ಈ ಮೆಸೇಜ್:

> ಒಂದು ಬಾಟಲ್ ಒಡೆದು ಚೂರಾಗಿದೆ. ಡಬ್ಬದ ತುಂಬ ರಸ. ಇದೇನಾ ನಿಮ್ಮ ಪ್ಯಾಕಿಂಗು? ನನಗೆ ಪೂರ್ತಿ ದುಡ್ಡು ವಾಪಸ್ ಬೇಕು. ಇಲ್ಲಾಂದ್ರೆ ಎಲ್ಲಾ ಗ್ರೂಪಲ್ಲೂ ಹಾಕ್ತೀನಿ.

ಇದನ್ನು ಓದಿದ ತಕ್ಷಣ ಬೆರಳು ತಾನಾಗಿ ಟೈಪ್ ಮಾಡುವ ಸಾಲು ಒಂದಿದೆ: "ನಾವು ಚೆನ್ನಾಗೇ ಪ್ಯಾಕ್ ಮಾಡಿದ್ವಿ ಮೇಡಂ, ಕೊರಿಯರ್‌ನವರು ಎಸೆದಿರಬೇಕು." ಮಾತು ನಿಜವೇ ಇರಬಹುದು. ಆದರೆ ಗ್ರಾಹಕರು ಕೊರಿಯರ್‌ನವರಿಗೆ ಹಣ ಕೊಟ್ಟಿಲ್ಲ, ನಿಮಗೆ ಕೊಟ್ಟಿದ್ದಾರೆ. ಆ ಕೊರಿಯರನ್ನು ಆರಿಸಿದ್ದೂ ನೀವೇ. ಹಾಗಾಗಿ ಆ ಸಾಲು ಅವರ ಕಿವಿಗೆ "ನನ್ನನ್ನು ಕೇಳಬೇಡಿ" ಎಂದೇ ಬೀಳುತ್ತದೆ. ಮುಂದಿನ ಹತ್ತು ಮೆಸೇಜ್ ಜಗಳಕ್ಕೆ ಅಲ್ಲೇ ಬೀಜ ಬಿದ್ದಂತಾಯಿತು.

ಒಳ್ಳೆಯ ಉತ್ತರಕ್ಕೆ ಸಿಹಿ ಮಾತು ಬೇಕಿಲ್ಲ. ಎಷ್ಟು ಹಣ, ಯಾವತ್ತಿನೊಳಗೆ ಎಂಬುದು ಮೊದಲ ಮೆಸೇಜಿನಲ್ಲೇ ಇರಬೇಕು, ಮತ್ತು ಅನುಮಾನದ ವಾಸನೆ ಎಲ್ಲೂ ಬರಬಾರದು. ಕೆಳಗಿನ ಹಂತಗಳೆಲ್ಲ ಇವೆರಡಕ್ಕಾಗಿಯೇ.

ಮೊದಲು: ಉತ್ತರಿಸುವ ಮುನ್ನ ಹತ್ತು ನಿಮಿಷ

ಟೈಪ್ ಮಾಡುವ ಮುನ್ನ ಆರ್ಡರ್ ತೆಗೆದು ನೋಡಿ. ಯಾವ ದಿನ ಕಳಿಸಿದ್ದು, ಎಷ್ಟು ಬಾಟಲ್, ಎಷ್ಟು ಹಣ ಬಂತು, ಯಾರ ಖಾತೆಯಿಂದ ಬಂತು, ಟ್ರ್ಯಾಕಿಂಗ್ ನಂಬರ್ ಏನು. ಕೊನೆಯದನ್ನೂ ಖಾತೆಯನ್ನೂ ಈಗಲೇ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಆರ್ಡರ್ ಮಾಡಿದವರು ಬೇರೆ, ಪಾರ್ಸೆಲ್ ಬಿಚ್ಚಿದವರು ಬೇರೆ ಇರುವುದುಂಟು. ಬೆಂಗಳೂರಿನ ಮಗ ಮೈಸೂರಿನ ಅಮ್ಮನಿಗೆ ಕಳಿಸಿದ್ದರೆ ಮೆಸೇಜ್ ಅಮ್ಮನ ನಂಬರಿನಿಂದ ಬಂದಿರುತ್ತದೆ. ಉತ್ತರ ಅಮ್ಮನಿಗೆ, ಹಣ ಮಗನಿಗೆ. ಇದನ್ನು ಮರೆತರೆ ಹಣ ತಪ್ಪು ಕಡೆ ಹೋಗುತ್ತದೆ.

ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿ. ಗ್ರಾಹಕರು ನಿಜ ಹೇಳುತ್ತಿದ್ದಾರೋ ಎಂದು ಪತ್ತೆ ಹಚ್ಚುವುದಕ್ಕಲ್ಲ, ಒಡೆದದ್ದು ಹೇಗೆ ಎಂದು ತಿಳಿಯುವುದಕ್ಕೆ. ರಟ್ಟಿನ ಡಬ್ಬದ ಒಂದು ಮೂಲೆ ಚಪ್ಪಟೆಯಾಗಿದ್ದರೆ ಡಬ್ಬ ಮೇಲಿಂದ ಬಿದ್ದಿದೆ. ಮೇಲ್ಭಾಗ ಒಳಕ್ಕೆ ಕುಸಿದಿದ್ದರೆ ಅದರ ಮೇಲೆ ಭಾರದ ಪಾರ್ಸೆಲ್ ಪೇರಿಸಿದ್ದಾರೆ. ಹೊರಗೆ ಡಬ್ಬ ನೆಟ್ಟಗಿದ್ದು ಒಳಗೆ ಬಾಟಲ್ ಒಡೆದಿದ್ದರೆ ಎರಡು ಬಾಟಲ್ ಒಂದಕ್ಕೊಂದು ಬಡಿದುಕೊಂಡಿರುವುದೇ ಹೆಚ್ಚು, ಅಂದರೆ ನಡುವೆ ಅಡ್ಡ ರಟ್ಟು ಇರಲಿಲ್ಲ ಅಥವಾ ತೆಳುವಾಗಿತ್ತು. ಆ ತಪ್ಪು ನಿಮ್ಮದೇ. ಗುಳ್ಳೆ ಹಾಳೆ ಸುತ್ತಿದ್ದೇವಲ್ಲ ಎನ್ನಬೇಡಿ. ಒಂದೇ ಸುತ್ತು ಸುತ್ತಿದ್ದರೆ ಬಾಟಲಿನ ಭುಜದ ಹತ್ತಿರ ಅದು ಸಡಿಲವಾಗಿರುತ್ತದೆ. ಬಡಿದುಕೊಳ್ಳುವುದು ಅಲ್ಲೇ.

ಒಡೆಯದೆ ಉಳಿದ ಎರಡನೇ ಬಾಟಲಿನ ಗತಿ ಏನು? ಬಹಳ ಮಂದಿ ಎಡವುವುದು ಇಲ್ಲಿ. "ಒಂದೇ ಅಲ್ವಾ ಒಡೆದದ್ದು, ಅರ್ಧ ಹಣ ಕೊಡ್ತೀವಿ" ಎಂದುಬಿಡುತ್ತಾರೆ. ಆ ಬಾಟಲಿನ ಮುಚ್ಚಳದ ಅಂಚನ್ನು ನೆನಪಿಸಿಕೊಳ್ಳಿ. ಪಕ್ಕದ ಬಾಟಲ್ ಚೂರಾದಾಗ ರಸದ ಜತೆ ಸಾಸಿವೆ ಕಾಳಿಗಿಂತ ಸಣ್ಣ ಗಾಜಿನ ಹರಳು ಹೋಗಿ ಮುಚ್ಚಳದ ಕೆಳಗಿನ ಸಂದಿಯಲ್ಲಿ ಕೂರುತ್ತದೆ. ತೊಳೆದರೂ ಪೂರ್ತಿ ಹೋಯಿತೆಂದು ಹೇಳಲಾಗದು, ಮುಚ್ಚಳ ತಿರುಗಿಸಿದಾಗ ಒಳಗೆ ಬಿದ್ದರೂ ಬೀಳಬಹುದು. ಕೆಂಪು ಮಸಾಲೆಯಲ್ಲಿ ಅದು ಕಾಣುವುದೂ ಇಲ್ಲ. ಗಾಜಿನ ಬಾಟಲಿನಲ್ಲಿ ತಿನ್ನುವ ಪದಾರ್ಥ ಕಳಿಸುವವರು ಒಂದು ನಿಯಮ ಮಾಡಿಕೊಳ್ಳುವುದು ಒಳ್ಳೆಯದು: ಒಂದು ಒಡೆದು ರಸ ಹರಡಿದ್ದರೆ ಆ ಡಬ್ಬದಲ್ಲಿದ್ದದ್ದೆಲ್ಲ ಹಾಳಾದ ಲೆಕ್ಕ. ಮರದ ಆಟಿಕೆಗೋ ಸೀರೆಗೋ ಈ ಲೆಕ್ಕ ಹೊಂದುವುದಿಲ್ಲ, ಅದು ಮುಂದೆ ಬರುತ್ತದೆ.

ಎಷ್ಟು ಕೊಡುವುದು ಎಂದು ಬರೆಯುವ ಮೊದಲೇ ತೀರ್ಮಾನಿಸಿ

ನಮ್ಮ ಉದಾಹರಣೆಯಲ್ಲಿ ಲೆಕ್ಕ ಸುಲಭ. ಎರಡೂ ಬಾಟಲ್ ಹೋದವು, ಹಾಗಾಗಿ 760. ಕೊರಿಯರ್ ಖರ್ಚು 120 ಕೂಡ ವಾಪಸ್, ಏಕೆಂದರೆ ತಿನ್ನಲು ಬರುವ ಒಂದು ಕಾಯಿಯೂ ಅವರ ಮನೆ ತಲುಪಲಿಲ್ಲ. ಒಟ್ಟು 880. ಆ 120 ರೂಪಾಯಿ ಹಿಡಿದುಕೊಳ್ಳುವುದು ಕೈಬಿಗಿಯಲ್ಲ, ದಡ್ಡತನ. ಗ್ರಾಹಕರು ಕಟ್ಟಿದ್ದು 880, ವಾಪಸ್ ಬಂದದ್ದು 760 ಎಂದಾಗ ಅವರು ಆ 120 ರೂಪಾಯಿಯ ಕಥೆಯನ್ನೇ ಎಲ್ಲರಿಗೂ ಹೇಳುತ್ತಾರೆ. 760 ಕೊಟ್ಟಿರಿ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಒಡೆದದ್ದನ್ನು ವಾಪಸ್ ಕಳಿಸಿ ಎನ್ನಬೇಕೇ? ಉಪ್ಪಿನಕಾಯಿಯಲ್ಲಿ ಬೇಡ. ನಿಮಗೆ ಅದನ್ನು ಮತ್ತೆ ಮಾರಲು ಬರುವುದಿಲ್ಲ. ರಸ ಸೋರುವ, ಗಾಜಿನ ಚೂರಿರುವ ಡಬ್ಬವನ್ನು ಗ್ರಾಹಕರು ಮತ್ತೆ ಕಟ್ಟಿಕೊಂಡು ಕೊರಿಯರ್ ಆಫೀಸಿಗೆ ಹೋಗಬೇಕೆಂದರೆ ಕೋಪ ಎರಡರಷ್ಟಾಗುತ್ತದೆ. ಆದರೆ ಕೊರಿಯರ್ ಕಂಪನಿಯಿಂದ ಪರಿಹಾರ ಕೇಳುವ ಯೋಚನೆ ಇದ್ದರೆ ಡಬ್ಬವನ್ನೂ ಮೇಲಿನ ಲೇಬಲನ್ನೂ ಎರಡು ದಿನ ಎಸೆಯದೆ ಇಡಿ ಎಂದು ಕೇಳಬಹುದು. ಗಾಜು ಬೇಡ, ಖಾಲಿ ಡಬ್ಬ ಮಾತ್ರ ಸಾಕು.

ಹಣದ ಬದಲು ಹೊಸ ಪಾರ್ಸೆಲ್ ಕಳಿಸುವುದು ನಿಮಗೆ ಅಗ್ಗ, ನಿಜ. ಆದರೂ ಹಣ ಕೇಳಿದವರಿಗೆ ಮೊದಲು ಹಣದ ಮಾತೇ ಹೇಳಿ. ಹೊಸ ಪಾರ್ಸೆಲ್ಲಿನ ಮಾತು ಕೊನೆಯಲ್ಲಿ ಒಂದೇ ಸಾಲು, ಬೇಕಿದ್ದರೆ ಎಂಬಂತೆ.

ಮೊದಲ ಮೆಸೇಜ್

ಇದು ಎರಡು ಗಂಟೆಯೊಳಗೆ ಹೋದರೆ ಚೆನ್ನ, ಹೆಚ್ಚೆಂದರೆ ಅದೇ ದಿನ ಸಂಜೆಯೊಳಗೆ. ಹೀಗಿರಬಹುದು:

> ನಮಸ್ಕಾರ ಮೇಡಂ. ಫೋಟೊ ನೋಡಿದೆ. ಬಾಟಲ್ ಒಡೆದು ಬಂದಿದೆ, ಕ್ಷಮಿಸಿ. ನೀವು ಕಟ್ಟಿದ 880 ರೂಪಾಯಿ ಪೂರ್ತಿ ವಾಪಸ್ ಕಳಿಸುತ್ತೇನೆ, ನೀವು ಹಣ ಕಳಿಸಿದ ಅದೇ ಖಾತೆಗೆ, ನಾಳೆ ಸಂಜೆ 6ರೊಳಗೆ.
>
> ಇನ್ನೊಂದು ಬಾಟಲ್ ಸರಿಯಿದ್ದಂತೆ ಕಂಡರೂ ಬಳಸಬೇಡಿ. ಮುಚ್ಚಳದ ಸಂದಿಯಲ್ಲಿ ಸಣ್ಣ ಗಾಜು ಸೇರಿರಬಹುದು. ಒಡೆದ ಚೂರುಗಳನ್ನು ಬರಿಗೈಲಿ ಮುಟ್ಟಬೇಡಿ, ದಪ್ಪ ಪೇಪರ್‌ನಲ್ಲಿ ಸುತ್ತಿ ಮೇಲೆ "ಗಾಜು" ಎಂದು ಬರೆದು ಕಸಕ್ಕೆ ಹಾಕಿ. ಏನನ್ನೂ ವಾಪಸ್ ಕಳಿಸಬೇಕಾಗಿಲ್ಲ.
>
> ಸಾಧ್ಯವಾದರೆ ಡಬ್ಬದ ಹೊರಭಾಗ ಮತ್ತು ಲೇಬಲಿನ ಒಂದು ಫೋಟೊ ಕಳಿಸಿ, ಕೊರಿಯರ್‌ನವರಿಗೆ ತೋರಿಸಲು. ಡಬ್ಬ ಎಸೆದಿದ್ದರೆ ಬಿಡಿ, ಹಣಕ್ಕೂ ಅದಕ್ಕೂ ಸಂಬಂಧವಿಲ್ಲ.
>
> ಹಣದ ಬದಲು ಹೊಸ ಬಾಟಲ್ ಬೇಕಿದ್ದರೆ ಹೇಳಿ, ಸೋಮವಾರ ಕಳಿಸುತ್ತೇನೆ.

ಸಾಲುಗಳ ಕ್ರಮ ಗಮನಿಸಿ. ಮೊದಲ ಸಾಲಿನಲ್ಲೇ "ಫೋಟೊ ನೋಡಿದೆ" ಇದೆ. ಗ್ರಾಹಕರಿಗೆ ಮೊದಲು ಬೇಕಾದದ್ದು ಅದು, ತನ್ನ ಮಾತನ್ನು ಒಬ್ಬ ಮನುಷ್ಯ ಓದಿದ ಎಂಬ ಖಾತ್ರಿ. ಕ್ಷಮೆ ಒಂದೇ ಸಲ ಇದೆ. ನಾಲ್ಕು ಸಲ ಕ್ಷಮಿಸಿ ಎಂದು ಬರೆದು ಹಣದ ವಿಷಯ ಬಾರದಿದ್ದರೆ ಆ ಕ್ಷಮೆಯೇ ಜಾರಿಕೊಳ್ಳುವ ದಾರಿಯಂತೆ ಕಾಣುತ್ತದೆ. ಮೊತ್ತ, ಖಾತೆ, ಗಡುವು ಮೂರೂ ಒಂದೇ ವಾಕ್ಯದಲ್ಲಿವೆ. ಫೋಟೊ ಕೇಳುವ ಸಾಲಿನಲ್ಲಿ ಅದು ಯಾಕೆ ಬೇಕು, ಇಲ್ಲದಿದ್ದರೆ ಏನು ಎಂಬ ಎರಡೂ ಇವೆ. ಆ ಎರಡನೆಯದನ್ನು ಬಿಟ್ಟರೆ ಗ್ರಾಹಕರು "ಓಹೋ, ಈಗ ಸಾಕ್ಷಿ ಕೇಳ್ತಿದ್ದಾರೆ" ಎಂದುಕೊಳ್ಳುತ್ತಾರೆ.

"ಎಲ್ಲಾ ಗ್ರೂಪಲ್ಲೂ ಹಾಕ್ತೀನಿ" ಎಂಬ ಮಾತಿಗೆ ಉತ್ತರವೇ ಇಲ್ಲ, ಕಂಡಿರಲ್ಲ? ಬೇಕೆಂದೇ ಬಿಟ್ಟದ್ದು. "ದಯವಿಟ್ಟು ಗ್ರೂಪಲ್ಲಿ ಹಾಕಬೇಡಿ" ಎಂದರೆ ಬೆದರಿಕೆ ನಾಟಿತು ಎಂದು ಒಪ್ಪಿಕೊಂಡಂತೆ. "ಹಾಕಿದರೆ ಹಾಕಿ" ಎಂದರೆ ಸವಾಲು. ಹಣ ಬಂದ ಮೇಲೆ ಆ ಮಾತು ತಾನಾಗಿ ಉದುರಿಹೋಗುತ್ತದೆ. ಹಣಕ್ಕೂ ಒಳ್ಳೆಯ ರಿವ್ಯೂಗೂ ಗಂಟು ಹಾಕಲೇಬೇಡಿ. ರಿವ್ಯೂ ತೆಗೆದರೆ ಹಣ ಕೊಡ್ತೀವಿ ಎಂದು ಬರೆದ ಸ್ಕ್ರೀನ್‌ಶಾಟ್ ಒಡೆದ ಬಾಟಲಿನ ಫೋಟೊಗಿಂತ ಬೇಗ ಹರಿದಾಡುತ್ತದೆ.

ಕನ್ನಡದ ಮಾತಿನಲ್ಲಿ ಅನುಮಾನ ಅಡಗಿರುವ ಜಾಗಗಳು

ಉತ್ತರ ಕೆಡುವುದು ಬಹುಪಾಲು ಇಲ್ಲೇ. ಬರೆದವರಿಗೆ ತಿಳಿಯುವುದೇ ಇಲ್ಲ, ಓದಿದವರಿಗೆ ಚುಚ್ಚುತ್ತದೆ.

ಎಲ್ಲಕ್ಕಿಂತ ಅಪಾಯದ್ದು "ಅಂತೆ", "ಅಂತ ಹೇಳಿದ್ದೀರಿ" ಎಂಬ ಜೋಡಿ. "ಬಾಟಲ್ ಒಡೆದಿದೆ ಅಂತ ಹೇಳಿದ್ದೀರಿ" ಎಂದರೆ ನಮ್ಮ ಭಾಷೆಯಲ್ಲಿ ಅರ್ಥ ಇಷ್ಟೇ: ನೀವು ಹೇಳುತ್ತಿದ್ದೀರಿ, ನಾನಿನ್ನೂ ಒಪ್ಪಿಲ್ಲ. ಪೊಲೀಸರು ದೂರು ಬರೆದುಕೊಳ್ಳುವ ಧಾಟಿ ಅದು. "ಬಾಟಲ್ ಒಡೆದು ಬಂದಿದೆ" ಎಂದು ನೇರವಾಗಿ ಬರೆದರೆ ನೀವು ಅವರ ಪಕ್ಕ ನಿಂತು ಅದೇ ಡಬ್ಬ ನೋಡಿದಂತೆ ಆಗುತ್ತದೆ. ಎರಡು ಪದ ಬಿಟ್ಟದ್ದಕ್ಕೆ ಇಷ್ಟು ವ್ಯತ್ಯಾಸ.

ಎರಡನೆಯದು "ನೋಡೋಣ", "ವಿಚಾರಿಸಿ ಹೇಳ್ತೀವಿ", "ಆದಷ್ಟು ಬೇಗ". ಸಾಲ ಕೇಳಿದವರಿಗೆ "ನೋಡೋಣ" ಎಂದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ದಿನಾಂಕ ಕೊಡಲು ಆಗದಿದ್ದರೆ ಮುಂದಿನ ಸುದ್ದಿ ಯಾವಾಗ ಎಂಬುದನ್ನಾದರೂ ಕೊಡಿ: "ಇವತ್ತು ಸಂಜೆ 5ಕ್ಕೆ ಮತ್ತೆ ಮೆಸೇಜ್ ಮಾಡುತ್ತೇನೆ." ಹಾಗೆಂದ ಮೇಲೆ ಹೊಸದೇನೂ ಇಲ್ಲದಿದ್ದರೂ 5ಕ್ಕೆ ಮೆಸೇಜ್ ಹೋಗಲೇಬೇಕು.

ಮೂರನೆಯದು "ಆದರೆ". "ಕ್ಷಮಿಸಿ, ಆದರೆ ನಾವು ಮೂರು ಸುತ್ತು ಸುತ್ತಿದ್ವಿ" ಎಂದಾಗ ಆದರೆಯ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಕ್ಷಮೆಯ ವಾಕ್ಯ ಪೂರ್ಣವಿರಾಮಕ್ಕೆ ಮುಗಿಯಲಿ.

ಕೊನೆಗೆ "ಅಲ್ವಾ", "ಅಲ್ಲವೇ", "ಹಾಗಾಗೋದಿಲ್ವಲ್ಲ". "ನೀವು ಪಾರ್ಸೆಲ್ ತಗೊಳ್ಳುವಾಗಲೇ ನೋಡಬೇಕಿತ್ತಲ್ವಾ?" ಎಂಬುದು ಪ್ರಶ್ನೆಯ ವೇಷದ ಬೈಗುಳ. ಡೆಲಿವರಿ ಹುಡುಗ ಗೇಟಿನ ಹತ್ತಿರ ಇಟ್ಟು ಹೋಗುವ ಕಾಲದಲ್ಲಿ ಆ ಮಾತಿಗೆ ನೆಲೆಯೂ ಇಲ್ಲ.

ಸಂಬೋಧನೆಯ ವಿಷಯ ಒಂದೆರಡು ಮಾತು. ಮೇಡಂ, ಸರ್ ಸಾಕು. ಅವರು ಹಿಂದೆ ನಿಮ್ಮನ್ನು ಅಕ್ಕ ಎಂದು ಕರೆದಿದ್ದರೂ ಕೋಪದ ಹೊತ್ತಿನಲ್ಲಿ ನೀವಾಗಿ ಅಕ್ಕ, ಅಮ್ಮ ಎಂದು ಶುರುಮಾಡಬೇಡಿ, ಪುಸಲಾಯಿಸಿದಂತೆ ಕಾಣುತ್ತದೆ. "ಮಾನ್ಯ ಗ್ರಾಹಕರೇ, ತಮಗಾದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ" ಎಂಬುದು ರೈಲ್ವೆ ಸ್ಟೇಷನ್ನಿನ ಧ್ವನಿವರ್ಧಕದ ಕನ್ನಡ. ಅದನ್ನು ಕೇಳಿ ಯಾರ ಕೋಪವೂ ಇಳಿದದ್ದಿಲ್ಲ. ಪೂರ್ತಿ ಆಡುಮಾತೂ ಬೇಡ. "ಕಳಿಸುತ್ತೇನೆ", "ನೋಡಿದೆ" ಎಂಬಷ್ಟು ಬರಹದ ಬಿಗಿ ಇರಲಿ, ಏಕೆಂದರೆ ಈ ಮೆಸೇಜ್ ನಾಳೆ ದಾಖಲೆಯೂ ಹೌದು. ಇದೇ ಕಾರಣಕ್ಕೆ ಧ್ವನಿ ಸಂದೇಶದಲ್ಲಿ ಉತ್ತರಿಸಬೇಡಿ. ಹಿರಿಯರು ಫೋನ್ ಮಾಡಿದರೆ ಖಂಡಿತ ಮಾತಾಡಿ, ಇಟ್ಟ ಮೇಲೆ "ಈಗ ಮಾತಾಡಿದಂತೆ 880 ರೂಪಾಯಿ ನಾಳೆ ಸಂಜೆಯೊಳಗೆ" ಎಂದು ಬರೆದು ಕಳಿಸಿ.

ಹಣ ಕಳಿಸುವಾಗ

ಹಣ ಬಂದ ಖಾತೆಗೇ ಹಣ ಹೋಗಬೇಕು. ನಿಮ್ಮ ಯುಪಿಐ ಆ್ಯಪಿನ ಹಳೆಯ ವ್ಯವಹಾರಗಳಲ್ಲಿ ಆ 880 ರೂಪಾಯಿ ಬಂದ ಸಾಲನ್ನು ಹುಡುಕಿ ಅಲ್ಲಿಂದಲೇ ವಾಪಸ್ ಕಳಿಸಿದರೆ ನಂಬರ್ ಟೈಪ್ ಮಾಡುವ ತಪ್ಪಿಗೆ ಜಾಗವಿಲ್ಲ. "ಬೇರೆ ನಂಬರಿಗೆ ಹಾಕಿ" ಎಂದು ಮೆಸೇಜ್ ಬಂದರೆ ಆರ್ಡರ್ ಮಾಡಿದ ಮೂಲ ನಂಬರಿಗೆ ಕರೆ ಮಾಡಿ ಕೇಳಿ. ಗ್ರಾಹಕರ ಹೆಸರಿನಲ್ಲಿ ಮತ್ತೊಬ್ಬರು ಹಣ ಕೇಳುವ ಮೋಸವೂ ಇದೆ. ಕೇಳುವ ಮಾತು ಹೀಗಿರಲಿ: "ಹಣ ಬಂದ ಖಾತೆಗೇ ಕಳಿಸುವುದು ನಮ್ಮ ಪದ್ಧತಿ ಸರ್, ನಿಮ್ಮ ಹಣದ ಸುರಕ್ಷತೆಗೆ." ರೀಫಂಡ್ ಬೇಕಾದವರಿಂದ ಒಟಿಪಿಯನ್ನಾಗಲಿ ಕಾರ್ಡ್ ನಂಬರನ್ನಾಗಲಿ ನೀವು ಕೇಳಬೇಡಿ. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ, ಎಚ್ಚರವಿರುವ ಗ್ರಾಹಕರಿಗೆ ಇದು ಗೊತ್ತು. ನೀವು ಕ್ಯುಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಎಂದರೆ ನಿಮ್ಮನ್ನೇ ಮೋಸಗಾರರೆಂದು ತಿಳಿದಾರು.

ಕಳಿಸಿದ ಮೇಲೆ ಎರಡನೇ ಮೆಸೇಜ್:

> ಮೇಡಂ, 880 ರೂಪಾಯಿ ಈಗ ಕಳಿಸಿದ್ದೇನೆ. ಯುಪಿಐ ವ್ಯವಹಾರದ ನಂಬರ್ ಕೆಳಗಿದೆ. ಸಂಜೆಯವರೆಗೆ ಖಾತೆಯಲ್ಲಿ ಕಾಣದಿದ್ದರೆ ತಿಳಿಸಿ.

12 ಅಂಕಿಗಳ ಆ ನಂಬರನ್ನು ಅಕ್ಷರದಲ್ಲೇ ಕೊಡಿ, ಸ್ಕ್ರೀನ್‌ಶಾಟ್ ಒಂದೇ ಸಾಲದು. ಗ್ರಾಹಕರು ಬ್ಯಾಂಕಿನಲ್ಲಿ ವಿಚಾರಿಸಬೇಕಾದರೆ ನಕಲು ಮಾಡಿಕೊಳ್ಳಲು ನಂಬರೇ ಬೇಕು.

ನಿಮ್ಮ ವೆಬ್‌ಸೈಟಿನ ಪೇಮೆಂಟ್ ಗೇಟ್‌ವೇ ಮೂಲಕ ಹಣ ಬಂದಿದ್ದರೆ ರೀಫಂಡೂ ಅಲ್ಲಿಂದಲೇ ಹೋಗಬೇಕು. ನೀವು ಬಟನ್ ಒತ್ತಿದ ಮೇಲೂ ಗ್ರಾಹಕರ ಖಾತೆ ತಲುಪಲು ಸಾಮಾನ್ಯವಾಗಿ 5ರಿಂದ 7 ಕೆಲಸದ ದಿನ ಹಿಡಿಯುತ್ತದೆ. ಇಲ್ಲಿ "ನಾಳೆ ಸಂಜೆಯೊಳಗೆ" ಎಂದು ಬರೆದರೆ ಸುಳ್ಳಾಗುತ್ತದೆ. "ಇವತ್ತು ರೀಫಂಡ್ ಹಾಕಿದ್ದೇನೆ, ಬ್ಯಾಂಕಿನಿಂದ ನಿಮ್ಮ ಖಾತೆಗೆ ಬರಲು 7 ಕೆಲಸದ ದಿನ ಆಗಬಹುದು, ಭಾನುವಾರ ಸೇರುವುದಿಲ್ಲ" ಎಂದು ಬಿಡಿಸಿ ಬರೆಯಿರಿ.

ಎಲ್ಲವೂ ಒಡೆಯದೆ, ಸ್ವಲ್ಪ ಮಾತ್ರ ಹಾಳಾದಾಗ

ಚನ್ನಪಟ್ಟಣದ ಮರದ ಆಟಿಕೆಯ ಮೂರು ನಗ ಹೋಗಿವೆ: 250, 300, 450. ಒಟ್ಟು 1,000, ಹಬ್ಬದ ರಿಯಾಯಿತಿ ನೂರಕ್ಕೆ 10 ಕಳೆದು ಗ್ರಾಹಕರು ಕಟ್ಟಿದ್ದು 900. 300ರ ಗಾಡಿಯ ಚಕ್ರದ ಕಡ್ಡಿ ಮುರಿದಿದೆ, ಉಳಿದೆರಡು ಸರಿಯಾಗಿವೆ. ಗ್ರಾಹಕರು 900 ಕೇಳುತ್ತಿದ್ದಾರೆ. ಇಲ್ಲಿ ಆ ಗಾಡಿಗೆ ಅವರು ನಿಜಕ್ಕೂ ಕೊಟ್ಟದ್ದು 270, 300 ಅಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಚೌಕಾಶಿಯಂತೆ ಕೇಳುತ್ತದೆ, ಲೆಕ್ಕ ಬರೆದು ತೋರಿಸಿದರೆ ಕೇಳುವುದಿಲ್ಲ:

> ಸರ್, ಗಾಡಿಯ ಚಕ್ರ ಮುರಿದು ಬಂದಿದೆ, ಕ್ಷಮಿಸಿ. ಗಾಡಿಯ ಬೆಲೆ 300, ರಿಯಾಯಿತಿ 30 ಕಳೆದು ನೀವು ಕೊಟ್ಟದ್ದು 270. ಅದನ್ನು ನಾಳೆ ವಾಪಸ್ ಕಳಿಸುತ್ತೇನೆ, ಗಾಡಿ ನಿಮ್ಮಲ್ಲೇ ಇರಲಿ. ಉಳಿದ ಎರಡು ಆಟಿಕೆಯೂ ಬೇಡವೆಂದರೆ ನಮ್ಮ ಖರ್ಚಿನಲ್ಲೇ ತರಿಸಿಕೊಂಡು, ತಲುಪಿದ ದಿನವೇ ಉಳಿದ 630 ಕಳಿಸುತ್ತೇನೆ. ಯಾವುದು ಅನುಕೂಲ, ಹೇಳಿ.

ಆಯ್ಕೆ ಗ್ರಾಹಕರ ಕೈಗೆ ಹೋಯಿತು. ಅವರು ಎರಡನೆಯದನ್ನೇ ಆರಿಸಿದರೆ ಬೇಸರಪಡದೆ ತರಿಸಿಕೊಳ್ಳಿ. ಮಗುವಿನ ಹುಟ್ಟುಹಬ್ಬಕ್ಕೆ ಮೂರೂ ಒಟ್ಟಿಗೆ ಕೊಡಬೇಕೆಂದು ತರಿಸಿದ್ದರೆ ಒಂದು ಮುರಿದರೆ ಮೂರೂ ಮುರಿದಂತೆಯೇ.

ಅನುಮಾನ ನಿಜಕ್ಕೂ ಬಂದಾಗ

ಫೋಟೊದ ಲೇಬಲಿನಲ್ಲಿರುವ ನಂಬರ್ ನಿಮ್ಮ ಟ್ರ್ಯಾಕಿಂಗ್ ನಂಬರಿಗೆ ಹೊಂದುತ್ತಿಲ್ಲ. ಅಥವಾ ಫೋಟೊದಲ್ಲಿರುವುದು ಕಳೆದ ವರ್ಷದ ಹಳೆಯ ಲೇಬಲಿನ ಬಾಟಲ್. ಆಗಲೂ ಮೊದಲು ನಿಮ್ಮ ಕಡೆಯ ತಪ್ಪನ್ನೇ ಹುಡುಕಿ. ಎರಡು ಪಾರ್ಸೆಲ್ಲಿನ ಲೇಬಲ್ ಅದಲುಬದಲಾಗುವುದು ಸಣ್ಣ ಅಂಗಡಿಗಳಲ್ಲಿ ಅಪರೂಪವಲ್ಲ. ಅದಲ್ಲವೆಂದು ಖಾತ್ರಿಯಾದರೆ, ಆರೋಪದ ಬದಲು ಹೊಂದದ ಸಂಗತಿಯನ್ನಷ್ಟೇ ಮುಂದಿಡಿ:

> ಸರ್, ನಿಮ್ಮ ಆರ್ಡರಿನ ಟ್ರ್ಯಾಕಿಂಗ್ ನಂಬರ್ 4417ಕ್ಕೆ ಮುಗಿಯುತ್ತದೆ. ಫೋಟೊದಲ್ಲಿರುವುದು 9082. ನಮ್ಮಲ್ಲಿ ಲೇಬಲ್ ಬದಲಾಗಿದೆಯೇ ಎಂದು ನೋಡಿದೆ, ಆಗಿಲ್ಲ. ಬೇರೆ ಪಾರ್ಸೆಲ್ಲಿನ ಫೋಟೊ ಬಂದಿರಬಹುದೇ? 4417ರ ಡಬ್ಬದ ಫೋಟೊ ಕಳಿಸಿದರೆ ಇವತ್ತೇ ಮುಂದಿನದು ಮಾಡುತ್ತೇನೆ.

ತಪ್ಪಾಗಿ ಕಳಿಸಿದವರು ಸರಿಯಾದದ್ದನ್ನು ಕಳಿಸುತ್ತಾರೆ. ಬೇಕೆಂದೇ ಕಳಿಸಿದವರು ಬಹುಶಃ ಸುಮ್ಮನಾಗುತ್ತಾರೆ, ಅವರಿಗೂ ಮುಖ ಉಳಿಸಿಕೊಳ್ಳಲು ದಾರಿ ಸಿಕ್ಕಿತು.

"ಪಾರ್ಸೆಲ್ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ಹಣ ವಾಪಸಿಲ್ಲ" ಎಂದು ಈಗ ಅನೇಕರು ತಮ್ಮ ಪೇಜಿನಲ್ಲಿ ಬರೆದುಕೊಳ್ಳುತ್ತಾರೆ. ವಿಡಿಯೊ ಕೇಳುವುದರಲ್ಲಿ ತಪ್ಪಿಲ್ಲ, ಅದನ್ನೇ ಬೀಗ ಮಾಡಿಕೊಳ್ಳಬೇಡಿ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರುವವರು ದೋಷವಿರುವ ಅಥವಾ ಹೇಳಿದಂತಿಲ್ಲದ ಸರಕನ್ನು ವಾಪಸ್ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ದೂರು ಬಂದದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂಬುದೂ ಅದರಲ್ಲಿದೆ. ನಿಮ್ಮ ಪೇಜಿನಲ್ಲಿ ಬರೆದ ಒಂದು ಸಾಲು ಇದನ್ನು ಅಳಿಸುವುದಿಲ್ಲ. ಗ್ರಾಹಕರು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡುತ್ತೇನೆ ಎಂದರೆ "ಅದು ನಿಮ್ಮ ಹಕ್ಕು ಮೇಡಂ" ಎಂದಷ್ಟೇ ಹೇಳಿ ಹಣದ ಮಾತಿಗೆ ಬನ್ನಿ. ಮೊತ್ತ, ದಿನಾಂಕ, ವ್ಯವಹಾರದ ನಂಬರ್ ಇರುವ ನಿಮ್ಮ ಎರಡು ಮೆಸೇಜ್‌ಗಳು ಅಲ್ಲೂ ನಿಮ್ಮ ಪರವಾಗಿಯೇ ಮಾತಾಡುತ್ತವೆ.

ಕೊರಿಯರ್‌ನವರ ಜತೆಗಿನ ಲೆಕ್ಕ ಬೇರೆ

ಪರಿಹಾರ ಕೇಳುವ ಅರ್ಜಿಯನ್ನು ಅದೇ ದಿನ ಹಾಕಿ. ಎಷ್ಟು ದಿನದೊಳಗೆ ಕೇಳಬೇಕು, ಹೆಚ್ಚೆಂದರೆ ಎಷ್ಟು ಕೊಡುತ್ತಾರೆ ಎಂಬುದು ಬುಕಿಂಗ್ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿರುತ್ತದೆ, ಗಡುವು ಕೆಲವು ಕಡೆ ಬಹಳ ಕಡಿಮೆ. ವಿಮೆ ಮಾಡಿಸದ ಪಾರ್ಸೆಲ್ಲಿಗೆ ಸಿಗುವುದು ಸಾಮಾನ್ಯವಾಗಿ ಅಲ್ಪ, ಗಾಜು ಮತ್ತು ದ್ರವಕ್ಕೆ ಏನೂ ಕೊಡುವುದಿಲ್ಲ ಎನ್ನುವವರೂ ಇದ್ದಾರೆ. ಅರ್ಜಿಗೆ ಬೇಕಾದದ್ದು ಡಬ್ಬದ ಹೊರಗಿನ ಫೋಟೊ, ಲೇಬಲ್, ಒಡೆದ ಸರಕಿನ ಫೋಟೊ ಮತ್ತು ನಿಮ್ಮ ಬಿಲ್ಲು. ಮೂಲೆ ಜಜ್ಜಿದ ಡಬ್ಬ ಇದ್ದರೆ ನಿಮ್ಮ ವಾದಕ್ಕೆ ಬಲ ಇದೆ. ಡಬ್ಬ ನೆಟ್ಟಗಿದ್ದು ಒಳಗೆ ಮಾತ್ರ ಒಡೆದಿದ್ದರೆ ಪ್ಯಾಕಿಂಗ್ ಸರಿಯಿಲ್ಲ ಎಂದು ಅರ್ಜಿ ವಾಪಸ್ ಬರುವುದೇ ಹೆಚ್ಚು.

ಈ ಗೋಳು ಯಾವುದೂ ಗ್ರಾಹಕರಿಗೆ ಹೋಗುವ ಮೆಸೇಜಿನಲ್ಲಿ ಬೇಡ. "ಕೊರಿಯರ್‌ನವರು ಕೊಟ್ಟ ಮೇಲೆ ಕೊಡ್ತೀವಿ" ಎಂಬುದಂತೂ ಬೇಡವೇ ಬೇಡ. ಆ ಹಣ ಬರಲು ತಿಂಗಳು ಹಿಡಿಯಬಹುದು, ಬಾರದೆಯೂ ಇರಬಹುದು.

ಹೊಸ ಪಾರ್ಸೆಲ್ ಹೋಗುವುದಾದರೆ

ಗ್ರಾಹಕರು ಹಣ ಬೇಡ, ಉಪ್ಪಿನಕಾಯಿಯೇ ಬೇಕು ಎಂದರೆ ಈ ಸಲ ಡಬ್ಬ ಬದಲಾಗಿರಬೇಕು, ಮಾತು ಮಾತ್ರ ಬದಲಾದರೆ ಸಾಲದು. ಪ್ರತಿ ಬಾಟಲಿಗೂ ಗುಳ್ಳೆ ಹಾಳೆ ಮೂರು ಸುತ್ತು, ಭುಜದ ಹತ್ತಿರ ಟೇಪಿನಿಂದ ಬಿಗಿ. ಸುತ್ತಿದ ಬಾಟಲ್ ಒಂದೊಂದೂ ಪ್ಲಾಸ್ಟಿಕ್ ಚೀಲದೊಳಗೆ, ಬಾಯಿ ಗಂಟು ಹಾಕಿ. ಒಂದು ಒಡೆದರೂ ರಸ ಆ ಚೀಲ ದಾಟಬಾರದು. ಉಪ್ಪಿನ ರಸ ತಾಗಿದರೆ ರಟ್ಟು ಮೆತ್ತಗಾಗಿ ಇಡೀ ಡಬ್ಬವೇ ಕುಸಿಯುತ್ತದೆ. ಎರಡು ಬಾಟಲಿನ ನಡುವೆ ದಪ್ಪ ರಟ್ಟಿನ ಅಡ್ಡ ತಡೆ. ಡಬ್ಬದ ಆರೂ ಬದಿಯಲ್ಲಿ ಎರಡು ಬೆರಳಿನಷ್ಟು ಜಾಗ ಬಿಟ್ಟು ಮುದುಡಿದ ಪೇಪರ್ ಒತ್ತಿ ತುಂಬಿ. ಮುಚ್ಚಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಏನಾದರೂ ಸದ್ದು ಬಂದರೆ ಬಿಚ್ಚಿ ಇನ್ನಷ್ಟು ತುಂಬಿ. ಸೀಲ್ ಮಾಡುವ ಮೊದಲು ಒಳಗಿನ ಒಂದು ಫೋಟೊ, ಸೀಲ್ ಮಾಡಿ ಲೇಬಲ್ ಅಂಟಿಸಿದ ಮೇಲೆ ಒಂದು. ಇವು ನಿಮ್ಮ ದಾಖಲೆಗೆ, ಕೊರಿಯರ್ ಅರ್ಜಿಗೂ ಬರುತ್ತವೆ.

ಹೊರಡುವ ದಿನದ ಮೆಸೇಜ್ ಚಿಕ್ಕದಿರಲಿ:

> ಮೇಡಂ, ಹೊಸ ಪಾರ್ಸೆಲ್ ಇವತ್ತು ಹೊರಟಿದೆ, ಶುಕ್ರವಾರದೊಳಗೆ ಬರಬೇಕು. ಬಾಟಲ್ ಒಂದೊಂದನ್ನೂ ಬೇರೆ ಚೀಲದಲ್ಲಿ ಕಟ್ಟಿ ನಡುವೆ ದಪ್ಪ ರಟ್ಟು ಇಟ್ಟಿದ್ದೇನೆ. ಟ್ರ್ಯಾಕಿಂಗ್ ನಂಬರ್ ಕೆಳಗಿದೆ.

ಶುಕ್ರವಾರ ಮಧ್ಯಾಹ್ನ ಟ್ರ್ಯಾಕಿಂಗ್ ನೋಡಿ. ಪಾರ್ಸೆಲ್ ಇನ್ನೂ ಹುಬ್ಬಳ್ಳಿಯಲ್ಲೇ ಕೂತಿದ್ದರೆ ಗ್ರಾಹಕರು ಕೇಳುವ ಮುನ್ನ ನೀವೇ "ಒಂದು ದಿನ ತಡ, ಶನಿವಾರ ಬರುತ್ತದೆ" ಎಂದು ತಿಳಿಸಿ. ತಲುಪಿತು ಎಂದು ತೋರಿಸಿದರೆ "ಬಾಟಲ್ ಸರಿಯಾಗಿ ಬಂದವಾ ಮೇಡಂ?" ಎಂದು ಒಂದೇ ಸಾಲು. ಉತ್ತರ ಬಾರದಿದ್ದರೆ ಮತ್ತೆ ಕೇಳಬೇಡಿ.